ವಿಜ್ಞಾನಿಗೆ ಕಾರ್ಯಾಗಾರದ ಆಹ್ವಾನ ಪತ್ರ: ಗೌರವಧನದ ಮೊತ್ತ ಬರೆಯಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಉಪನ್ಯಾಸಕಿ. ಆಗಸ್ಟ್‌ನಲ್ಲಿ ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. ವಿಟ್ಲದ ಸಂಶೋಧನಾ ಕೇಂದ್ರದಿಂದ ಒಬ್ಬ ವಿಜ್ಞಾನಿಯನ್ನು ಕರೆಯಬೇಕು. ಹಳೆಯ ಫೈಲಿನ ಪತ್ರಗಳಲ್ಲಿ "ತಾವು ಆಗಮಿಸಿ ಮಾರ್ಗದರ್ಶನ ನೀಡಬೇಕು" ಅನ್ನುವುದು ಬಿಟ್ಟರೆ ಏನೂ ಇಲ್ಲ. ಗೌರವಧನ ಇಷ್ಟು ಅಂತ ಬರೆದರೆ ಅವರಿಗೆ ಬೇಜಾರಾಗಬಹುದು, "ಯಥೋಚಿತ" ಅಂತ ಹಾಕಿ ಅಂತಾರೆ ಪ್ರಾಂಶುಪಾಲರು. ಪತ್ರದಲ್ಲಿ ಏನೇನು ಬರೆಯಲಿ?

ಉತ್ತರ:

ಮೊತ್ತ ಬರೆಯಿರಿ ಮೇಡಂ. "ಯಥೋಚಿತ" ಬೇಡ.

ನೀವು ಕರೆಯುತ್ತಿರುವುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲದ ಪ್ರಾದೇಶಿಕ ಕೇಂದ್ರದವರನ್ನು. ಅವರು ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೆಲಸ ಮಾಡುವವರು. ಕೆಲಸದ ದಿನ ಹೊರಗಿನ ಕಾರ್ಯಕ್ರಮಕ್ಕೆ ಬರಬೇಕಾದರೆ ಮುಖ್ಯಸ್ಥರಿಂದ ಅನುಮತಿ ಬೇಕು. ಗೌರವಧನ ತೆಗೆದುಕೊಳ್ಳಲೂ ಅಲ್ಲಿನ ನಿಯಮ ನೋಡಬೇಕು. ಎಷ್ಟು ಹಣ, ಯಾರು ಕೊಡುತ್ತಾರೆ, ಪ್ರಯಾಣದ ಖರ್ಚು ಯಾರದ್ದು ಅಂತ ಕಾಗದದಲ್ಲಿ ಇಲ್ಲದಿದ್ದರೆ ಅವರು ಏನನ್ನು ತೋರಿಸಿ ಅನುಮತಿ ಕೇಳಬೇಕು? ಹೆಚ್ಚಿನವರು ನಾಚಿಕೆಯಿಂದ ಫೋನು ಮಾಡಿ ಕೇಳುವುದೂ ಇಲ್ಲ. ನಿಮ್ಮ ಕಡೆಯೂ ಅಷ್ಟೇ. ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರು ಬಂದಾಗ ಈ ಮೊತ್ತ ಯಾರು, ಯಾವಾಗ ಮಂಜೂರು ಮಾಡಿದರು ಅಂತ ಕೇಳುತ್ತಾರೆ. ಆಗ ಪತ್ರದಲ್ಲಿ "ಯಥೋಚಿತ", ವೋಚರಿನಲ್ಲಿ 6,000 ಅಂತ ಇದ್ದರೆ ಉತ್ತರ ಕೊಡಬೇಕಾದವರು ಸಂಯೋಜಕಿಯಾದ ನೀವೇ.

ಪ್ರಾಂಶುಪಾಲರ ಅಂಜಿಕೆಯಲ್ಲೂ ಒಂದು ನ್ಯಾಯ ಇದೆ. ಎಲ್ಲರಿಗೂ ಹಂಚುವ ಆಹ್ವಾನ ಪತ್ರಿಕೆಯಲ್ಲಿ ಹಣದ ಮಾತು ಬರಬಾರದು. ವೇದಿಕೆಯ ಮೇಲೆ ಹಾರ, ಹಣ್ಣಿನ ಬುಟ್ಟಿಯ ಜತೆಗೆ ಹಣದ ಕವರು ಕೊಡುವುದೂ ಚೆನ್ನಾಗಿರುವುದಿಲ್ಲ. ಆದರೆ ಅವರ ಹೆಸರಿಗೇ ಹೋಗುವ ಪತ್ರದಲ್ಲಿ, ಕೊನೆಯ ಭಾಗದಲ್ಲಿ, ಎರಡು ಸಾಲಿನಲ್ಲಿ ಮೊತ್ತ ಬರೆದರೆ ಯಾರಿಗೂ ಬೇಜಾರಾಗುವುದಿಲ್ಲ. ಮೊತ್ತ ಚಿಕ್ಕದಾದರೂ ಪರವಾಗಿಲ್ಲ. ಕೊಡಲು ಹಣವೇ ಇಲ್ಲದಿದ್ದರೆ "ಗೌರವಧನ ಕೊಡಲು ನಮ್ಮಲ್ಲಿ ಅನುದಾನವಿಲ್ಲ, ಪ್ರಯಾಣ ಮತ್ತು ವಸತಿ ನಮ್ಮದು" ಅಂತ ನೇರವಾಗಿ ಬರೆಯಿರಿ. ಅದನ್ನು ಒಪ್ಪಿಕೊಂಡು ಬರುವವರು ಎಷ್ಟೋ ಜನ ಇದ್ದಾರೆ.

ಪತ್ರ ಬರೆಯುವ ಮೊದಲು ಎರಡು ಕೆಲಸ ಮುಗಿಸಿ. ಖರ್ಚಿನ ಅಂದಾಜು ಹಾಕಿ, ಟಿಪ್ಪಣಿ ಬರೆದು, ಪ್ರಾಂಶುಪಾಲರಿಂದ ಸಹಿ ಹಾಕಿಸಿಕೊಳ್ಳಿ. ಪತ್ರದಲ್ಲಿ ಬರೆಯುವ ಮೊತ್ತ ಅಲ್ಲಿ ಮಂಜೂರಾದದ್ದೇ ಆಗಿರಬೇಕು. ಆಮೇಲೆ ವಿಜ್ಞಾನಿಗೆ ಒಂದು ಫೋನು ಮಾಡಿ, ಆ ದಿನ ಬಿಡುವಿದೆಯಾ ಅಂತ ಕೇಳಿ. ಬಾಯಿಮಾತಿನ ಒಪ್ಪಿಗೆ ಸಿಕ್ಕಿದ ಮೇಲೆ ಪತ್ರ, ಪತ್ರಕ್ಕೆ ಉತ್ತರ ಬಂದ ಮೇಲೆ ಆಹ್ವಾನ ಪತ್ರಿಕೆಯ ಮುದ್ರಣ. ನಮ್ಮ ಕಡೆ ಇದು ತಿರುಗಾಮುರುಗಾ ಆಗುವುದೇ ಜಾಸ್ತಿ. ಅಚ್ಚಾದ ಪತ್ರಿಕೆಯಲ್ಲಿ ತಮ್ಮ ಹೆಸರು ನೋಡಿದ ಮೇಲೆ ಅತಿಥಿಗೆ ದಿನಾಂಕ ಗೊತ್ತಾಗುತ್ತದೆ. ಅವರು ಬರಲಾಗುವುದಿಲ್ಲ ಅಂದರೆ ಪತ್ರಿಕೆ ಮತ್ತೆ ಅಚ್ಚು ಹಾಕಿಸಬೇಕು.

ಈಗ ವಿಷಯಕ್ಕೆ ಬರೋಣ. "ಅಡಿಕೆ ರೋಗಗಳು ಮತ್ತು ನಿರ್ವಹಣೆ" ಅಂತ ಬರೆದರೆ ಅವರು ಎಲ್ಲ ಕಡೆ ತೋರಿಸುವ ಸ್ಲೈಡುಗಳನ್ನೇ ತರುತ್ತಾರೆ. ಅದು ಅವರ ತಪ್ಪಲ್ಲ, ನೀವು ಕೇಳಿದ್ದೇ ಅಷ್ಟು. ಎದುರು ಯಾರು ಕೂತಿರುತ್ತಾರೆ, ಅವರಿಗೆ ಈಗ ಎಷ್ಟು ಗೊತ್ತು, ಸಂಜೆ ಮನೆಗೆ ಹೋಗುವಾಗ ಅವರಿಗೆ ಏನು ಮಾಡಲು ಬರಬೇಕು, ಈ ಮೂರನ್ನು ಬರೆಯಿರಿ. ನಿಮ್ಮಲ್ಲಿ 40 ವಿದ್ಯಾರ್ಥಿಗಳು, 20 ಬೆಳೆಗಾರರು ಅಂತ ಇಟ್ಟುಕೊಳ್ಳೋಣ. ವಿದ್ಯಾರ್ಥಿಗಳಿಗೆ ಶಿಲೀಂಧ್ರದ ಪಾಠ ಆಗಿದೆ, ಆದರೆ ರೋಗದ ಎಲೆಯಿಂದ ತಾವೇ ಸ್ಲೈಡು ಮಾಡಿ ನೋಡಿಲ್ಲ. ಬೆಳೆಗಾರರಿಗೆ ತೋಟ ಚೆನ್ನಾಗಿ ಗೊತ್ತು, ಆದರೆ ಸೋಗೆ ಒಣಗಿದ್ದೆಲ್ಲ ಎಲೆಚುಕ್ಕಿಯಾ, ಪೋಷಕಾಂಶದ ಕೊರತೆಯಾ ಅನ್ನುವ ಗೊಂದಲ ಇದೆ. ಇಷ್ಟು ಗೊತ್ತಾದರೆ ವಿಜ್ಞಾನಿ ಭಾಷಣ ಕಡಿಮೆ ಮಾಡಿ ಕೈಕೆಲಸ ಹೆಚ್ಚು ಮಾಡಿಸುತ್ತಾರೆ. ಇನ್ನೊಂದು ಸಾಲನ್ನೂ ಸೇರಿಸಿ: ಆಗಸ್ಟ್ ಅಂದರೆ ಕೊಳೆರೋಗದ ಕಾಲ, ಬೆಳೆಗಾರರು ಅದರ ಬಗ್ಗೆ, ಬೋರ್ಡೋ ದ್ರಾವಣದ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಲೆಚುಕ್ಕಿಗೆ ಮುಖ್ಯವಾಗಿ ಕೊಲೆಟೋಟ್ರೈಕಮ್ ಶಿಲೀಂಧ್ರ ಕಾರಣ, ಕಾಯಿ ಕೊಳೆಸುವುದು ಫೈಟೋಫ್ತೊರಾ. ಎರಡಕ್ಕೂ ಉತ್ತರ ಬೇರೆ. ಮೊದಲೇ ತಿಳಿಸಿದರೆ ಅವರು ಎರಡಕ್ಕೂ ಸಿದ್ಧರಾಗಿ ಬರುತ್ತಾರೆ.

ಪ್ರಯೋಗ ಇಟ್ಟುಕೊಂಡಾಗ ಪತ್ರದಲ್ಲಿ ಬರಲೇಬೇಕಾದ ಒಂದು ಮಾತು ಇದೆ. ಅದು ಮುಂಚೆ ಮಾಡಬೇಕಾದ ತಯಾರಿಯದ್ದು. ತೋಟದಿಂದ ಆ ದಿನ ಬೆಳಿಗ್ಗೆ ಕಿತ್ತು ತಂದ ಸೋಗೆಯಲ್ಲಿ ಚುಕ್ಕಿ ಕಾಣಿಸುತ್ತದೆ, ಬೀಜಕಣ ಕಾಣಿಸಬೇಕೆಂದಿಲ್ಲ. ಚುಕ್ಕಿ ಇರುವ ಚೂರುಗಳನ್ನು ಒದ್ದೆ ಬ್ಲಾಟಿಂಗ್ ಕಾಗದ ಹಾಸಿದ ಪೆಟ್ರಿ ತಟ್ಟೆಯಲ್ಲಿ ಮುಚ್ಚಿ ಎರಡು ಮೂರು ದಿನ ಇಟ್ಟರೆ ಬೀಜಕಣ ಮೂಡುವ ಸಾಧ್ಯತೆ ಹೆಚ್ಚು. ಅಂದರೆ ಮಾದರಿ ಸಂಗ್ರಹ ಕಾರ್ಯಾಗಾರದ ಮೂರು ದಿನ ಮೊದಲೇ ಆಗಬೇಕು. ಅದನ್ನು ನೀವು ಮಾಡುತ್ತೀರಾ, ಅವರು ತಮ್ಮ ಪ್ರಯೋಗಾಲಯದಿಂದ ತರುತ್ತಾರಾ ಅನ್ನುವುದು ಪತ್ರದಲ್ಲೇ ತೀರ್ಮಾನವಾಗಲಿ. ಇಲ್ಲದಿದ್ದರೆ ಇಬ್ಬರೂ ಇನ್ನೊಬ್ಬರು ತರುತ್ತಾರೆ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ.

ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಬೆಳಗಿನಿಂದ ಶುರು ಮಾಡಿ ಹಾಕುತ್ತಾರೆ. ನೀವು ಸಂಜೆಯಿಂದ ಹಿಂದಕ್ಕೆ ಬನ್ನಿ. ಅತಿಥಿ ಅದೇ ದಿನ ವಾಪಸ್ ಹೋಗುವುದಾದರೆ ಬೆಳಕಿರುವಾಗಲೇ ಆಗುಂಬೆ ಘಾಟಿ ಇಳಿಯಬೇಕು. ಆಗಸ್ಟ್‌ನ ಮಳೆ, ಮಂಜಿನಲ್ಲಿ ಕತ್ತಲಾದ ಮೇಲೆ ಆ ತಿರುವುಗಳಲ್ಲಿ ಯಾರನ್ನೂ ಕಳಿಸಬಾರದು. ಹಾಗಾಗಿ ನಾಲ್ಕು ಗಂಟೆಗೆ ಕಾರು ತೀರ್ಥಹಳ್ಳಿ ಬಿಡಬೇಕು, ಮೂರೂವರೆಗೆ ಕಾರ್ಯಕ್ರಮ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಉದ್ಘಾಟನೆಗೆ ಉಳಿಯುವುದು ಇಪ್ಪತ್ತು ನಿಮಿಷ. ಪ್ರಾರ್ಥನೆ, ಸ್ವಾಗತ, ದೀಪ, ಎರಡು ಮಾತು, ಅಷ್ಟೇ. ಆ ಇಪ್ಪತ್ತು ನಿಮಿಷ ಒಂದೂವರೆ ಗಂಟೆಯಾದರೆ ಕಡಿತವಾಗುವುದು ಪ್ರಯೋಗದ ಸಮಯ. ಪತ್ರದಲ್ಲಿ ಗಂಟೆ ಬರೆದಿದ್ದರೆ ವೇದಿಕೆಯ ಗಣ್ಯರಿಗೂ ಅದನ್ನು ತೋರಿಸಿ ಸಮಯ ಹಿಡಿಯಬಹುದು.

ಪ್ರಯೋಗದ ಲೆಕ್ಕವನ್ನೂ ಸೂಕ್ಷ್ಮದರ್ಶಕ ಎಷ್ಟಿವೆ ಅನ್ನುವುದರಿಂದ ಹಾಕಿ. 15 ಇದ್ದರೆ, ಒಂದಕ್ಕೆ ಇಬ್ಬರಂತೆ ಒಂದು ಸಲಕ್ಕೆ 30 ಜನ. 60 ಜನಕ್ಕೆ ಎರಡು ತಂಡ. ಒಂದು ತಂಡ ಪ್ರಯೋಗಾಲಯದಲ್ಲಿದ್ದಾಗ ಇನ್ನೊಂದಕ್ಕೆ ಏನು ಕೆಲಸ ಅಂತಲೂ ಯೋಚಿಸಿ. ನಿಮ್ಮ ವಿಭಾಗದವರೇ ಸಭಾಂಗಣದಲ್ಲಿ ರೋಗದ ಸೋಗೆ, ಕೊರತೆಯ ಸೋಗೆ ಪಕ್ಕಪಕ್ಕ ಇಟ್ಟು ತೋರಿಸಬಹುದು.

ಇಷ್ಟನ್ನೂ ಸೇರಿಸಿ ಒಂದು ಪತ್ರ ಬರೆದು ತೋರಿಸುತ್ತೇನೆ. ದಿನಾಂಕ, ಮೊತ್ತ ಉದಾಹರಣೆಗೆ ಹಾಕಿದ್ದು, ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಪತ್ರ ಸಂಖ್ಯೆ: ______
ದಿನಾಂಕ: 13.07.2026

ಇಂದ: ಪ್ರಾಂಶುಪಾಲರು, ______ ಕಾಲೇಜು, ತೀರ್ಥಹಳ್ಳಿ
ಗೆ: ಡಾ. ______, ವಿಜ್ಞಾನಿಗಳು, ಪ್ರಾದೇಶಿಕ ಕೇಂದ್ರ, ವಿಟ್ಲ
ಮೂಲಕ: ಮುಖ್ಯಸ್ಥರು, ಪ್ರಾದೇಶಿಕ ಕೇಂದ್ರ, ವಿಟ್ಲ

ಮಾನ್ಯರೇ,

ವಿಷಯ: ದಿನಾಂಕ 20.08.2026, ಗುರುವಾರದ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಆಹ್ವಾನ.
ಉಲ್ಲೇಖ: ದಿನಾಂಕ 10.07.2026ರ ದೂರವಾಣಿ ಮಾತುಕತೆ.

ನಮ್ಮ ಸಸ್ಯಶಾಸ್ತ್ರ ವಿಭಾಗವು "ಅಡಿಕೆ ಎಲೆಚುಕ್ಕಿ ರೋಗ: ತೋಟದಲ್ಲಿ ಗುರುತಿಸುವುದು, ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳುವುದು" ಎಂಬ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಿದೆ. ತಾವು ಇದನ್ನು ನಡೆಸಿಕೊಡಬೇಕೆಂದು ಕೋರುತ್ತೇವೆ.

ಭಾಗವಹಿಸುವವರು ಅಂತಿಮ ವರ್ಷದ 40 ವಿದ್ಯಾರ್ಥಿಗಳು ಮತ್ತು ತಾಲ್ಲೂಕಿನ 20 ಅಡಿಕೆ ಬೆಳೆಗಾರರು. ವಿದ್ಯಾರ್ಥಿಗಳು ಶಿಲೀಂಧ್ರಗಳ ಪಾಠ ಓದಿದ್ದಾರೆ, ರೋಗದ ಮಾದರಿಯಿಂದ ಸ್ಲೈಡು ತಯಾರಿಸಿದ ಅನುಭವವಿಲ್ಲ. ದಿನದ ಕೊನೆಗೆ ಪ್ರತಿಯೊಬ್ಬರೂ ಎಲೆಚುಕ್ಕಿಯನ್ನು ಪೋಷಕಾಂಶ ಕೊರತೆಯಿಂದ ಬೇರ್ಪಡಿಸಿ ಗುರುತಿಸುವಂತಾಗಬೇಕು, ವಿದ್ಯಾರ್ಥಿಗಳು ಬೀಜಕಣದ ಸ್ಲೈಡನ್ನು ತಾವೇ ತಯಾರಿಸುವಂತಾಗಬೇಕು ಎಂಬುದು ನಮ್ಮ ಅಪೇಕ್ಷೆ. ಬೆಳೆಗಾರರಿಂದ ಕೊಳೆರೋಗದ ಪ್ರಶ್ನೆಗಳೂ ಬರಬಹುದು. ಕಾರ್ಯಾಗಾರವು ಕನ್ನಡದಲ್ಲಿ ನಡೆಯುತ್ತದೆ.

ವೇಳಾಪಟ್ಟಿ:
10.00 – 10.20: ಉದ್ಘಾಟನೆ
10.20 – 11.30: ತಮ್ಮ ಉಪನ್ಯಾಸ
11.30 – 11.45: ಚಹಾ
11.45 – 12.45: ಪ್ರಯೋಗ, ಮೊದಲ ತಂಡ, 30 ಜನ
12.45 – 1.30: ಊಟ
1.30 – 2.30: ಪ್ರಯೋಗ, ಎರಡನೇ ತಂಡ, 30 ಜನ
2.30 – 3.15: ಬೆಳೆಗಾರರ ಪ್ರಶ್ನೆಗಳಿಗೆ ಉತ್ತರ
3.15 – 3.30: ಸಮಾರೋಪ

ಪ್ರಯೋಗಾಲಯದಲ್ಲಿ 15 ಸೂಕ್ಷ್ಮದರ್ಶಕಗಳು, ಸ್ಲೈಡು, ಕವರ್ ಸ್ಲಿಪ್, ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಮತ್ತು ಪ್ರೊಜೆಕ್ಟರ್ ಇವೆ. ರೋಗದ ಸೋಗೆಯ ಮಾದರಿಗಳನ್ನು ನಾವು 17ರಂದು ಸಂಗ್ರಹಿಸಿ ತೇವದ ತಟ್ಟೆಗಳಲ್ಲಿ ಇಡುತ್ತೇವೆ. ಬೇರೆ ವಿಧಾನ ಬೇಕಿದ್ದರೆ ಅಥವಾ ಬೇರೆ ಸಾಮಗ್ರಿ ಬೇಕಿದ್ದರೆ ತಿಳಿಸಿ.

ಪ್ರಯಾಣ ಮತ್ತು ವಸತಿ: 19ರಂದು ಮಧ್ಯಾಹ್ನ 12ಕ್ಕೆ ನಮ್ಮ ಕಾರು ವಿಟ್ಲದ ತಮ್ಮ ಕಚೇರಿಗೆ ಬರುತ್ತದೆ. ಅಂದು ರಾತ್ರಿಯ ವಸತಿ, ಊಟದ ವ್ಯವಸ್ಥೆ ತೀರ್ಥಹಳ್ಳಿಯಲ್ಲಿ ಮಾಡಿದ್ದೇವೆ. 20ರಂದು ಸಂಜೆ 4ಕ್ಕೆ ಅದೇ ಕಾರಿನಲ್ಲಿ ತಮ್ಮನ್ನು ವಾಪಸ್ ಬಿಡುತ್ತೇವೆ. ವಾಹನ, ವಸತಿ, ಊಟದ ವೆಚ್ಚವನ್ನು ಕಾಲೇಜು ನೇರವಾಗಿ ಭರಿಸುತ್ತದೆ.

ಗೌರವಧನ: ಉಪನ್ಯಾಸ ಮತ್ತು ಎರಡು ಪ್ರಯೋಗ ಅವಧಿಗಳಿಗೆ ತಲಾ 2,000 ರೂಪಾಯಿಯಂತೆ ಒಟ್ಟು 6,000 ರೂಪಾಯಿಗಳನ್ನು ಕಾರ್ಯಾಗಾರ ಮುಗಿದ 10 ದಿನಗಳೊಳಗೆ ಬ್ಯಾಂಕ್ ಖಾತೆಗೆ ಜಮೆ ಮಾಡುತ್ತೇವೆ. ತಮ್ಮ ಸಂಸ್ಥೆಯ ನಿಯಮದಂತೆ ಸಂಸ್ಥೆಯ ಖಾತೆಗೆ ಪಾವತಿಸಬೇಕಿದ್ದರೆ ಹಾಗೆ ತಿಳಿಸಿ. ಒಪ್ಪಿಗೆಯ ಜತೆಗೆ ಬ್ಯಾಂಕ್ ವಿವರ ಮತ್ತು ಪ್ಯಾನ್ ಸಂಖ್ಯೆಯನ್ನು ಕಳಿಸಬೇಕಾಗಿ ವಿನಂತಿ.

ಭಾರಿ ಮಳೆಯಿಂದ ಅಂದು ಕಾಲೇಜುಗಳಿಗೆ ರಜೆ ಘೋಷಣೆಯಾದರೆ ಅಥವಾ ಘಾಟಿ ಸಂಚಾರ ನಿಂತರೆ, ಕಾರ್ಯಾಗಾರವನ್ನು 10.09.2026, ಗುರುವಾರಕ್ಕೆ ಮುಂದೂಡುತ್ತೇವೆ. ಆ ದಿನವನ್ನೂ ಸಾಧ್ಯವಾದರೆ ಕಾದಿರಿಸಬೇಕಾಗಿ ಕೋರಿಕೆ.

24.07.2026ರೊಳಗೆ ತಮ್ಮ ಒಪ್ಪಿಗೆ ತಿಳಿಸಿದರೆ ಉಪಕಾರವಾಗುತ್ತದೆ. ಸಂಯೋಜಕರ ಮೊಬೈಲ್: ______, ಕಾಲೇಜಿನ ಸ್ಥಿರ ದೂರವಾಣಿ: ______.

ತಮ್ಮ ವಿಶ್ವಾಸಿಗಳು,
ಸಂಯೋಜಕರು / ಪ್ರಾಂಶುಪಾಲರು

ಇದು ಎರಡು ಪುಟ ಆಗುತ್ತದೆ. ಆಗಲಿ. ಅವರ ಪಾಂಡಿತ್ಯವನ್ನು ಹೊಗಳುವ ಪ್ಯಾರಾ ಒಂದೂ ಇಲ್ಲ, ಅದೂ ಪರವಾಗಿಲ್ಲ. ವೇಳಾಪಟ್ಟಿಯನ್ನು ಇಷ್ಟು ಯೋಚಿಸಿ ಹಾಕಿರುವುದರಲ್ಲೇ ಅವರ ಮೇಲಿನ ಗೌರವ ಕಾಣುತ್ತದೆ.

ಕೆಲವು ಸಾಲುಗಳು ಯಾಕೆ ಹಾಗಿವೆ ಅಂತ ಹೇಳಬೇಕು. "ಮೂಲಕ" ಅಂತ ಮುಖ್ಯಸ್ಥರ ಹೆಸರು ಹಾಕಿದ್ದು ಅನುಮತಿ ಸುಲಭವಾಗಲಿ ಅಂತ. ವಿಜ್ಞಾನಿಗೆ ನೇರವಾಗಿ ಒಂದು ಪ್ರತಿ, ಕಚೇರಿಯ ಮೂಲಕ ಒಂದು ಪ್ರತಿ ಕಳಿಸಿ. ಇಮೇಲ್ ಸಾಕು, ಆದರೆ ಸಹಿ, ಮೊಹರು ಇರುವ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಹಾಕಿ. ವಾಟ್ಸಾಪ್‌ನಲ್ಲಿ ಟೈಪ್ ಮಾಡಿದ ಆಹ್ವಾನವನ್ನು ಇಟ್ಟುಕೊಂಡು ಅವರು ಕಚೇರಿಯಲ್ಲಿ ಏನೂ ಮಾಡಲಾಗುವುದಿಲ್ಲ.

ಪ್ರಯಾಣದ ಖರ್ಚನ್ನು "ಕಾಲೇಜು ನೇರವಾಗಿ ಭರಿಸುತ್ತದೆ" ಅಂತ ಸ್ಪಷ್ಟ ಮಾಡಿದ್ದಕ್ಕೂ ಕಾರಣ ಇದೆ. ಒಂದೇ ಪ್ರಯಾಣಕ್ಕೆ ಎರಡು ಕಡೆಯಿಂದ ಭತ್ಯೆ ಪಡೆಯುವಂತಿಲ್ಲ. ನೀವು ಕೊಡುತ್ತೀರಿ ಅಂತ ಬರೆದರೆ ಅವರು ತಮ್ಮ ಕಚೇರಿಯಲ್ಲಿ ಕೇಳುವುದಿಲ್ಲ. ಅವರು ಸ್ವಂತ ಕಾರಿನಲ್ಲಿ ಬರುತ್ತೇನೆ ಅಂದರೆ ಕಿಲೋಮೀಟರಿಗೆ ಎಷ್ಟು, ಟೋಲ್ ಸೇರಿದೆಯಾ, ಯಾವ ರಸೀದಿ ಬೇಕು ಅನ್ನುವುದನ್ನು ಪತ್ರದಲ್ಲೇ ಹೇಳಿ. ಮಳೆಗಾಲದಲ್ಲಿ ಮಾತ್ರ ಘಾಟಿ ರೂಢಿ ಇರುವ ಚಾಲಕನ ಜತೆ ಕಾಲೇಜಿನ ಕಾರು ಕಳಿಸುವುದೇ ನನಗೆ ಸರಿ ಕಾಣುತ್ತದೆ.

ಗೌರವಧನದ ಮೇಲಿನ ತೆರಿಗೆ ಬಗ್ಗೆ ಕಚೇರಿಯವರು ಗಾಬರಿ ಮಾಡುವುದುಂಟು. ವೃತ್ತಿಪರ ಶುಲ್ಕವಾಗಿ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಕೊಡುವ ಮೊತ್ತ 50,000 ರೂಪಾಯಿ ದಾಟಿದರೆ 10% ಟಿಡಿಎಸ್ ಕಡಿತ ಮಾಡಬೇಕು. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ಹಳೆಯ ಲೆಕ್ಕದಲ್ಲೇ ಇರುವವರು ಇನ್ನೂ ಇದ್ದಾರೆ. ನೀವು ಆ ವರ್ಷ ಅವರಿಗೆ ಕೊಡುವುದು ಈ 6,000 ಮಾತ್ರ ಆದರೆ ಕಡಿತದ ಪ್ರಶ್ನೆಯೇ ಇಲ್ಲ. ಆದರೂ ಪ್ಯಾನ್ ಕೇಳಿಟ್ಟುಕೊಳ್ಳಿ. 5,000 ದಾಟಿದ ಮೊತ್ತದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು. ಕಾರ್ಯಕ್ರಮದ ದಿನ ಅದನ್ನು ಅಂಟಿಸಿದ ರಸೀದಿ ತಯಾರಿಟ್ಟುಕೊಂಡು, ಊಟದ ಬಿಡುವಿನಲ್ಲಿ ಕಚೇರಿ ಕೋಣೆಯಲ್ಲಿ ಸಹಿ ಪಡೆದರೆ ಆಯಿತು. ಆಮೇಲೆ ಅಂಚೆಯಲ್ಲಿ ಕಳಿಸಿ ತರಿಸುವ ಕೆಲಸ ತಪ್ಪುತ್ತದೆ. ಹಣ ಜಮೆಯಾಗುವ ಮೊದಲೇ ರಸೀದಿಗೆ ಸಹಿ ಪಡೆಯುತ್ತಿರುವುದರಿಂದ, ಹೇಳಿದ ಹತ್ತು ದಿನದೊಳಗೆ ಹಣ ಹೋಗಲೇಬೇಕು. ಅದನ್ನು ನೀವೇ ಬೆನ್ನು ಹತ್ತಿ ನೋಡಿ.

ಮಳೆಯ ಪ್ಯಾರಾ ಬಯಲುಸೀಮೆಯ ಕಾಲೇಜಿಗೆ ಬೇಕಾಗದೆ ಇರಬಹುದು, ತೀರ್ಥಹಳ್ಳಿಗೆ ಬೇಕೇ ಬೇಕು. ರಜೆಯ ಆದೇಶ ಹಿಂದಿನ ಸಂಜೆ, ಕೆಲವು ಸಲ ಅದೇ ದಿನ ಬೆಳಿಗ್ಗೆ ಬರುತ್ತದೆ. ಅಷ್ಟು ಹೊತ್ತಿಗೆ ಅತಿಥಿ ನಿಮ್ಮೂರಿಗೆ ಬಂದು ಮಲಗಿರುತ್ತಾರೆ. ಬದಲಿ ದಿನ ಮೊದಲೇ ಬರೆದಿದ್ದರೆ ಆ ಬೆಳಿಗ್ಗೆ ಚರ್ಚೆ ಇಲ್ಲ, ಬೇಸರ ಇಲ್ಲ. ಬಂದು ಹೋದ ಖರ್ಚು ಕಾಲೇಜಿನದ್ದೇ ಅಂತ ಟಿಪ್ಪಣಿಯಲ್ಲೂ ಮಂಜೂರು ಮಾಡಿಸಿಕೊಂಡಿರಿ. ಇಲ್ಲದಿದ್ದರೆ ನಡೆಯದ ಕಾರ್ಯಕ್ರಮದ ಕಾರು ಬಾಡಿಗೆಗೆ ಯಾರೂ ಸಹಿ ಹಾಕುವುದಿಲ್ಲ.

ಘಾಟಿಯ ಮಾತೂ ಹಾಗೆಯೇ. ಭೂಕುಸಿತವಾದಾಗ ಆಗುಂಬೆ ಘಾಟಿಯಲ್ಲಿ ಸಂಚಾರ ನಿಲ್ಲುತ್ತದೆ. ಆಗ ಕಾರ್ಕಳದಿಂದ ಮಾಳ, ಶೃಂಗೇರಿ, ಕೊಪ್ಪ ಮೇಲೆ ಬರಬಹುದು, ಇಲ್ಲವೇ ಸಿದ್ದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬರಬಹುದು. ಎರಡೂ ಸುತ್ತು. ಹಿಂದಿನ ದಿನ ಮಧ್ಯಾಹ್ನವೇ ಕಾರು ಹೊರಡಲಿ ಅಂದಿದ್ದು ಈ ಸುತ್ತಿಗೂ ಬೆಳಕು ಉಳಿಯಲಿ ಅಂತ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಇರುವ ಭರವಸೆ ಇಲ್ಲ. ಚಾಲಕನ ನಂಬರು, ವಸತಿಗೃಹದ ನಂಬರು ಎರಡನ್ನೂ ಹಿಂದಿನ ದಿನವೇ ಅತಿಥಿಗೆ ಕಳಿಸಿ. ಅವರ ಮನೆಯವರಿಗೂ ಒಂದು ನಂಬರು ಇರಲಿ.

ಮುಂದೆ ಬೆಂಗಳೂರಿನವರನ್ನು ಕರೆಯುವುದಾದರೆ ಪ್ರಯಾಣದ ಪ್ಯಾರಾ ಮಾತ್ರ ಬದಲಾಗುತ್ತದೆ. ತೀರ್ಥಹಳ್ಳಿಗೆ ರೈಲಿಲ್ಲ, ಶಿವಮೊಗ್ಗ ಟೌನ್ ನಿಲ್ದಾಣದಲ್ಲಿ ಇಳಿಯಬೇಕು, ಟಿಕೆಟ್ ತೆಗೆಯುವಾಗ ಅದರ ಗುರುತು SMET. ಅಲ್ಲಿಂದ 60 ಕಿಲೋಮೀಟರ್ ಆಸುಪಾಸು. ತಾಳಗುಪ್ಪದ ರಾತ್ರಿ ರೈಲಿನಲ್ಲಿ ಬರುವವರು ನಸುಕಿನಲ್ಲೇ ಇಳಿಯುತ್ತಾರೆ. ಆ ಹೊತ್ತಿಗೆ ಕಾರು ನಿಲ್ದಾಣದಲ್ಲಿರಬೇಕು, ತೀರ್ಥಹಳ್ಳಿಗೆ ಬಂದ ಮೇಲೆ ಸ್ನಾನಕ್ಕೆ ಒಂದು ಕೋಣೆ ಬೇಕು. ಈ ಕೋಣೆಯನ್ನು ಮರೆಯುವವರೇ ಜಾಸ್ತಿ.

ಕೊಟ್ಟ ದಿನದೊಳಗೆ ಉತ್ತರ ಬರದಿದ್ದರೆ ಮರುದಿನವೇ ಫೋನು ಮಾಡಿ. ಅನುಮತಿ ಇನ್ನೂ ಸಿಕ್ಕಿಲ್ಲ ಅಂದರೆ ಅವರ ಕಚೇರಿಯಲ್ಲಿ ಯಾರಿಗೆ ಬರೆಯಬೇಕು ಅಂತ ಅವರನ್ನೇ ಕೇಳಿ, ಪ್ರಾಂಶುಪಾಲರಿಂದ ಒಂದು ನೆನಪೋಲೆ ಕಳಿಸಿ. ಒಪ್ಪಿಗೆ ಬಂದರೆ ಅದರ ಪ್ರತಿ ತೆಗೆದು ಮಂಜೂರಾತಿ ಟಿಪ್ಪಣಿ, ಆಹ್ವಾನ ಪತ್ರಗಳ ಜತೆ ಅದೇ ಫೈಲಿನಲ್ಲಿ ಹಾಕಿ. ಕಾರ್ಯಾಗಾರದ ದಿನ ಹಾಜರಾತಿ ಪ್ರಮಾಣಪತ್ರಕ್ಕೆ ಬೆಳಿಗ್ಗೆಯೇ ಸಹಿ ಮಾಡಿಸಿಟ್ಟುಕೊಂಡು, ಕಾರು ಹೊರಡುವ ಮೊದಲು ಅತಿಥಿಯ ಕೈಗೆ ಕೊಡಿ. ಮರುದಿನ ಕಚೇರಿಗೆ ಹೋದಾಗ ಅವರಿಗೆ ಮೊದಲು ಬೇಕಾಗುವುದು ಅದೇ.